ಸುಟ್ಟ ಜಾಗ ನೋಯ್ತಿಲ್ವಾ? ಹಾಗಿದ್ರೆ ಆಸ್ಪತ್ರೆಗೆ ಹೋಗಲೇಬೇಕು! ಬೊಬ್ಬೆ, ಬಿಳಿ ಕಲೆ, ಮರಗಟ್ಟುವಿಕೆ ಏನು ಹೇಳುತ್ತವೆ?

ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಬಜ್ಜಿ ಹಾಕೋ ಅಣ್ಣ ಒಬ್ಬರ ಬಲಗೈ ಮೇಲೆ ಕಾದ ಎಣ್ಣೆ ಚೆಲ್ಲಿತು. ಮುಂಗೈ ಮೇಲೆ ಕ್ಷಣದಲ್ಲೇ ಕೆಂಪಾಗಿ, ಸಂಜೆ ಹೊತ್ತಿಗೆ ನೀರು ತುಂಬಿದ ಬೊಬ್ಬೆ ಎದ್ದವು. ಉರಿ ತಡೆಯೋಕಾಗದೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮಣಿಕಟ್ಟಿನ ಹತ್ತಿರ ಎರಡು ಬೆರಳಗಲದ ಜಾಗ ಮಾತ್ರ ಮೇಣದ ಹಾಗೆ ಬೆಳ್ಳಗಾಗಿತ್ತು. ಅಲ್ಲಿ ಬೊಬ್ಬೆಯೂ ಇಲ್ಲ, ನೋವೂ ಇಲ್ಲ. ಅಲ್ಲಿ ಏನೂ ಆಗಿಲ್ಲ ಅಂದುಕೊಂಡು ಅವರು ಬೊಬ್ಬೆಗಷ್ಟೇ ಮುಲಾಮು ಹಚ್ಚಿದರು.

ಆಗಿದ್ದು ಉಲ್ಟಾ. ಎರಡು ವಾರದಲ್ಲಿ ಬೊಬ್ಬೆ ಎದ್ದ ಜಾಗ ಮಾಯ್ದು ಹೊಸ ಚರ್ಮ ಬಂತು. ಬೆಳ್ಳಗಿದ್ದ ಜಾಗ ಮಾತ್ರ ಮಾಯಲೇ ಇಲ್ಲ. ಕೊನೆಗೆ ಜಿಲ್ಲಾಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಅಲ್ಲಿಗೆ ಕಸಿ ಮಾಡಬೇಕಾಯಿತು.

ಒಂದೇ ಎಣ್ಣೆ, ಒಂದೇ ಕೈ. ಆದರೂ ಯಾಕೆ ಹೀಗೆ? ಮುಂಗೈ ಮೇಲೆ ಬಿದ್ದ ಎಣ್ಣೆ ಜಾರಿ ಕೆಳಗೆ ಹೋಯಿತು. ಮಣಿಕಟ್ಟಿನ ಹತ್ತಿರ ಮಡಚಿದ್ದ ಅಂಗಿ ತೋಳು ಎಣ್ಣೆಯನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿದಿತ್ತು. ಬಿಸಿ ಹೆಚ್ಚು ಹೊತ್ತು ನಿಂತಷ್ಟೂ ಸುಟ್ಟ ಗಾಯ ಆಳಕ್ಕೆ ಇಳಿಯುತ್ತದೆ.

ಆಳ ಗುರುತಿಸೋದು ಹೇಗೆ?

ಚರ್ಮದಲ್ಲಿ ತೆಳು ಮೇಲ್ಪದರ, ಅದರಡಿ ದಪ್ಪ ಒಳಪದರ ಇರುತ್ತದೆ. ನೋವು ತಿಳಿಸೋ ನರದ ತುದಿಗಳು, ಸಣ್ಣ ರಕ್ತನಾಳಗಳು, ಕೂದಲಿನ ಬೇರು ಇರೋದು ಈ ಒಳಪದರದಲ್ಲೇ ಹೆಚ್ಚು. ಹೊಸ ಚರ್ಮ ಬೆಳೆಯೋದೂ ಕೂದಲ ಬುಡದಲ್ಲಿ ಉಳಿದ ಜೀವಕೋಶಗಳಿಂದಲೇ.

ಮೇಲ್ಪದರ ಮಾತ್ರ ಸುಟ್ಟರೆ ಚರ್ಮ ಕೆಂಪಾಗಿ ಉರಿಯುತ್ತದೆ, ಆದರೆ ಒಣಗಿಯೇ ಇರುತ್ತದೆ, ಬೊಬ್ಬೆ ಬರೋದಿಲ್ಲ. ಸುಮಾರು ಒಂದು ವಾರದಲ್ಲಿ ವಾಸಿಯಾಗುತ್ತದೆ.

ಒಳಪದರದ ಮೇಲುಭಾಗವೂ ಸುಟ್ಟರೆ ಬೊಬ್ಬೆ ಏಳುತ್ತದೆ. ಬೊಬ್ಬೆ ಒಡೆದಾಗ ಅಡಿಯಲ್ಲಿ ಗುಲಾಬಿ ಬಣ್ಣ, ಒದ್ದೆ ಒದ್ದೆ, ಗಾಳಿ ತಾಗಿದರೂ ಉರಿ. ನೋಡೋಕೆ ಭಯ ಆದರೂ ನರ, ರಕ್ತನಾಳ ಎರಡೂ ಜೀವಂತ ಇವೆ ಅಂತ ಇದರ ಅರ್ಥ. ಸಾಮಾನ್ಯವಾಗಿ ಎರಡು ಮೂರು ವಾರದೊಳಗೆ ಮಾಯುತ್ತದೆ.

ಒಳಪದರದಲ್ಲಿ ಇನ್ನೂ ಕೆಳಗೆ ಇಳಿದರೆ ಬೊಬ್ಬೆಯ ಅಡಿ ಕೆಂಪು ಬಿಳಿ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ, ಒದ್ದೆ ಕಮ್ಮಿ. ಮುಟ್ಟಿದರೆ ಏನೋ ಒತ್ತಿದ ಹಾಗೆ ಅನಿಸುತ್ತೆ, ಆದರೆ ನೋವು ಅಷ್ಟಿರೋದಿಲ್ಲ. ಇಂಥ ಗಾಯ ಮಾಯೋಕೆ ಮೂರು ವಾರಕ್ಕಿಂತ ಹೆಚ್ಚು ಬೇಕು, ಗಟ್ಟಿ ಕಲೆ ಉಳಿಯುತ್ತದೆ.

ಪೂರ್ತಿ ಚರ್ಮ ಸುಟ್ಟಿದ್ದರೆ ಜಾಗ ಬೆಳ್ಳಗೆ, ಕಂದು ಅಥವಾ ಕಪ್ಪಗೆ ಇರುತ್ತದೆ. ಮುಟ್ಟಿದರೆ ತೊಗಲಿನ ಥರ ಗಟ್ಟಿ, ಒಣಕಲು, ಏನೂ ಗೊತ್ತಾಗೋದಿಲ್ಲ. ನೋವು ತಿಳಿಸೋ ನರವೇ ಸತ್ತಿರೋದರಿಂದ ನೋವಿಲ್ಲ ಅಷ್ಟೇ. ಆ ಅಣ್ಣನ ಮಣಿಕಟ್ಟಿನಲ್ಲಿ ಆಗಿದ್ದು ಇದೇ.

ಮನೆಯಲ್ಲಿ ಮಾಡಬಹುದಾದ ಎರಡು ಪರೀಕ್ಷೆ

ಮೊದಲು ಕೈ ತೊಳೆದುಕೊಂಡು ಸುಟ್ಟ ಜಾಗವನ್ನು ಶುದ್ಧ ಬಟ್ಟೆ ಅಥವಾ ಹತ್ತಿಯಿಂದ ಮೆಲ್ಲಗೆ ಮುಟ್ಟಿ. ಗಾಯ ಆದವರು ಬೇರೆ ಕಡೆ ನೋಡುತ್ತಿರಲಿ. ಮುಟ್ಟಿದ್ದು ಗೊತ್ತಾಗದಿದ್ದರೆ ಗಾಯ ಆಳವಾಗಿದೆ ಅಂತಲೇ ತಿಳೀಬೇಕು. ಸೂಜಿ ಚುಚ್ಚಿ ನೋಡೋದು ಡಾಕ್ಟರ ಕೆಲಸ, ಮನೆಯಲ್ಲಿ ಬೇಡ.

ಎರಡನೆಯದು, ಬೊಬ್ಬೆ ಇಲ್ಲದ ಕಡೆ ಬೆರಳಿಂದ ಎರಡು ಸೆಕೆಂಡ್ ಒತ್ತಿ ಬಿಡಿ. ಬಿಳಚಿಕೊಂಡು ತಕ್ಷಣ ಬಣ್ಣ ವಾಪಸ್ ಬಂದರೆ ರಕ್ತ ಓಡುತ್ತಿದೆ. ತುಂಬ ನಿಧಾನಕ್ಕೆ ಬಂದರೆ, ಬರದೇ ಇದ್ದರೆ, ಅಥವಾ ಒತ್ತಿದರೂ ಬಿಳಚದೆ ಕಡುಗೆಂಪಾಗೇ ಉಳಿದರೆ ಗಾಯ ಆಳ ಇದೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣೋದಿಲ್ಲ. ಇನ್ನೊಂದು ಕೈಯ ಅದೇ ಜಾಗವನ್ನೂ ಒತ್ತಿ ಹೋಲಿಸಿ ನೋಡಿ.

ಈ ಪರೀಕ್ಷೆಗಳಿಗೂ ಮಿತಿ ಇದೆ. ಹಳೇ ಶುಗರ್ ಇರುವವರಿಗೆ ಪಾದ ಮೊದಲೇ ಮರಗಟ್ಟಿರಬಹುದು, ಅವರಿಗೆ ನೋವಿನ ಲೆಕ್ಕ ನಡೆಯೋದಿಲ್ಲ. ಜೊತೆಗೆ ಸುಟ್ಟ ಗಾಯ ಎರಡು ಮೂರು ದಿನ ಬದಲಾಗುತ್ತಲೇ ಇರುತ್ತದೆ. ಮೊದಲ ದಿನ ಗುಲಾಬಿ ಇದ್ದ ಜಾಗ ಮೂರನೇ ದಿನ ಬಿಳಿಚಾಗಬಹುದು. ಅದಕ್ಕೇ ಒಂದೇ ದಿನ ನೋಡಿ ತೀರ್ಮಾನಕ್ಕೆ ಬರಬಾರದು.

ಮೊದಲು ನೀರು, ಬೇರೇನೂ ಬೇಡ

ಸುಟ್ಟ ತಕ್ಷಣ ಎಣ್ಣೆ ನೆನೆದ ಬಟ್ಟೆ, ಬಳೆ, ಉಂಗುರ, ವಾಚ್ ತೆಗೀರಿ. ಆಮೇಲೆ ಊತ ಬಂದರೆ ತೆಗೆಯೋಕಾಗಲ್ಲ. ಚರ್ಮಕ್ಕೆ ಅಂಟಿಕೊಂಡ ಬಟ್ಟೆ ಮಾತ್ರ ಕೀಳಬೇಡಿ. ನಲ್ಲಿ ನೀರಿನಡಿ 20 ನಿಮಿಷ ಹಿಡಿಯಿರಿ. ತಡವಾದರೂ ಮೂರು ಗಂಟೆಯೊಳಗೆ ಹೀಗೆ ಮಾಡಿದರೆ ಪ್ರಯೋಜನ ಇದೆ. ಐಸ್ ಇಡಬೇಡಿ, ಅದು ರಕ್ತ ಓಡಾಟ ಕಡಿಮೆ ಮಾಡಿ ಗಾಯ ಇನ್ನೂ ಕೆಡಿಸುತ್ತದೆ. ಬೊಬ್ಬೆ ಒಡೆಯಬೇಡಿ, ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ.

ಪೇಸ್ಟು, ಇಂಕು, ಅರಿಶಿನ, ಕಾಫಿಪುಡಿ ಹಚ್ಚಿದರೆ ನಂಜು ಆಗೋದು ಒಂದು ಕಡೆ, ಗಾಯದ ಬಣ್ಣವೇ ಮುಚ್ಚಿಹೋಗುತ್ತದೆ. ಡಾಕ್ಟರಿಗೆ ಆಳ ಹೇಳೋದು ಕಷ್ಟ ಆಗುತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ ಸಿಲ್ವರ್ ಸಲ್ಫಾಡಯಾಜಿನ್ ಅನ್ನೋ ಬಿಳಿ ಕ್ರೀಮೂ ಗಾಯದ ಮೇಲೆ ಬೆಳ್ಳನೆ ಪೊರೆ ಕಟ್ಟುತ್ತದೆ. ಡಾಕ್ಟರ್ ನೋಡೋ ತನಕ ಅದನ್ನೂ ಹಚ್ಚಬೇಡಿ.

ಯಾವುದಕ್ಕೆ ಆಸ್ಪತ್ರೆ?

ಬಿಳಿ, ಕಪ್ಪು, ಮರಗಟ್ಟಿದ ಗಾಯ ಎಷ್ಟೇ ಚಿಕ್ಕದಿದ್ದರೂ ಅದೇ ದಿನ ತೋರಿಸಿ. ಬೊಬ್ಬೆ ಎದ್ದ ಜಾಗ ಗಾಯ ಆದವರ ಅಂಗೈಗಿಂತ ದೊಡ್ಡದಿದ್ದರೂ ಹೋಗಬೇಕು. ಬೆರಳೂ ಸೇರಿ ಅವರ ಒಂದು ಅಂಗೈ ಅಂದರೆ ಮೈಯ ಸುಮಾರು ನೂರರಲ್ಲಿ ಒಂದು ಭಾಗ. ದೊಡ್ಡವರಿಗೆ ಇಂಥ ಹತ್ತು ಅಂಗೈ, ಮಕ್ಕಳಿಗೆ ಐದು ಅಂಗೈ ಮೀರಿದರೆ 108ಕ್ಕೆ ಫೋನ್ ಮಾಡಿ.

ಮುಖ, ಕೈ, ಪಾದ, ಗುಪ್ತಾಂಗ, ಕೀಲುಗಳ ಮೇಲೆ ಬೊಬ್ಬೆ ಎದ್ದರೆ, ಕೈ ಅಥವಾ ಕಾಲಿನ ಸುತ್ತಲೂ ಬಳೆ ಥರ ಸುಟ್ಟಿದ್ದರೆ ಅಳತೆ ನೋಡುತ್ತ ಕೂರಬೇಡಿ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ಶುಗರ್ ಇರುವವರ ವಿಷಯದಲ್ಲೂ ಅಷ್ಟೇ. ಕರೆಂಟ್ ಹೊಡೆದ ಗಾಯ ಹೊರಗೆ ಚುಕ್ಕಿಯಷ್ಟು ಕಂಡರೂ ಒಳಗೆ ಸ್ನಾಯು ಸುಟ್ಟಿರಬಹುದು, ಹೃದಯಕ್ಕೂ ತೊಂದರೆ ಆಗಿರಬಹುದು. ಆಸಿಡ್ ಬಿದ್ದರೆ ಧಾರಾಳ ನೀರು ಸುರಿದು ತಕ್ಷಣ ಹೊರಡಿ. ಹೊಗೆ ಕುಡಿದು ದನಿ ಗೊಗ್ಗರಾದರೆ ಮೈಮೇಲೆ ಗಾಯ ಇಲ್ಲದಿದ್ದರೂ ತುರ್ತು. ಆಸ್ಪತ್ರೆಯಲ್ಲಿ ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ಕೇಳುತ್ತಾರೆ, ನೆನಪಿಟ್ಟುಕೊಂಡು ಹೋಗಿ.

ಮನೆಯಲ್ಲೇ ಆರೈಕೆ ಮಾಡೋ ಚಿಕ್ಕ ಗಾಯವನ್ನೂ ಮೂರನೇ ದಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡಿ. ಬಿಳಿಚಾಗಿದೆಯೇ, ಮುಟ್ಟಿದ್ದು ಗೊತ್ತಾಗುತ್ತಿಲ್ಲವೇ, ಕೀವು, ವಾಸನೆ, ಜ್ವರ ಇದೆಯೇ? ಇದ್ದರೆ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಎರಡು ವಾರ ಕಳೆದರೂ ಮಾಯದ ಗಾಯಕ್ಕೂ ಇದೇ ಮಾತು. ಬಜ್ಜಿ ಅಂಗಡಿ ಅಣ್ಣ ಈಗ ಅರ್ಧ ತೋಳಿನ ಅಂಗಿ ಹಾಕಿಕೊಂಡೇ ಬಾಣಲೆ ಮುಂದೆ ನಿಲ್ಲುತ್ತಾರೆ.