ಹಾಡಲ್ಲ, ಹಾಡಿನೊಳಗಿನ ತಾಳ: ಲಕ್ವ ಹೊಡೆದವರ ನಡಿಗೆಗೆ ಸಂಗೀತ ಚಿಕಿತ್ಸೆಯಾದದ್ದು ಹೇಗೆ?

ಬಿಪಿಗೆ ಈ ರಾಗ, ನಿದ್ದೆಗೆ ಆ ರಾಗ, ಮಂಡಿನೋವಿಗೆ ಇನ್ನೊಂದು ರಾಗ ಎಂಬ ಪಟ್ಟಿ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ಆ ಪಟ್ಟಿಗಳಲ್ಲಿ ಒಂದು ಪ್ರಶ್ನೆ ಮಾತ್ರ ಎಲ್ಲೂ ಇರಲ್ಲ. ಸಂಗೀತದ ಯಾವ ಅಂಶ, ದೇಹದ ಯಾವ ಕೆಲಸವನ್ನು, ಎಷ್ಟು ಬದಲಿಸುತ್ತೆ? ಅಳೆದು ನೋಡಿದ್ದು ಯಾರು? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ ಕಡೆ, ಸಂಗೀತ ಮತ್ತು ವೈದ್ಯಕೀಯ ಸೇರಿ ನಿಜವಾದ ಒಂದು ಚಿಕಿತ್ಸೆ ಹುಟ್ಟಿದೆ. ಅದರ ಬೆನ್ನಿಗೆ ಮಾರುಕಟ್ಟೆಗೆ ಒಂದು ಸಾಧನವೂ ಬಂದಿದೆ. ಸ್ವಾರಸ್ಯ ಅಂದ್ರೆ, ಅದಕ್ಕೆ ರಾಗದ ಹಂಗೇ ಇಲ್ಲ. ಅದು ನಂಬಿಕೊಂಡಿರುವುದು ತಾಳವನ್ನು.

ಇದರ ಹಿಂದಿರುವ ಮುಖ್ಯ ಹೆಸರು ಮೈಕೆಲ್ ಥೌಟ್. ಮೂಲತಃ ಪಿಟೀಲು ವಾದಕ, ನಂತರ ಸಂಶೋಧಕ. 1990ರ ದಶಕದಲ್ಲಿ ಅಮೆರಿಕದ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅವರ ತಂಡ, ಸಂಗೀತ ಮನಸ್ಸಿಗೆ ಎಷ್ಟು ನೆಮ್ಮದಿ ಕೊಡುತ್ತೆ ಎಂಬ ಹಳೆಯ ಮಾತನ್ನು ಬದಿಗಿಟ್ಟಿತು. ಸಮಾನ ಅಂತರದಲ್ಲಿ ಕೇಳಿಸುವ ಪೆಟ್ಟು ಕಾಲಿನ ಸ್ನಾಯುಗಳಿಗೆ ಏನು ಮಾಡುತ್ತೆ ಎಂದು ನೋಡತೊಡಗಿತು. ಹೀಗೆ ರೂಪುಗೊಂಡ ವಿಧಾನಕ್ಕೆ ರಿದಮಿಕ್ ಆಡಿಟರಿ ಸ್ಟಿಮ್ಯುಲೇಶನ್ ಎಂದು ಹೆಸರು. ಕನ್ನಡದಲ್ಲಿ ಸರಳವಾಗಿ ತಾಳದ ನಡಿಗೆ ಅನ್ನೋಣ.

ತಾಳ ಹಾಕುವವರನ್ನು ಗಮನಿಸಿದರೆ ಇದರ ಗುಟ್ಟು ಅರ್ಥವಾಗುತ್ತೆ. ಕಛೇರಿಯಲ್ಲಿ ಕೂತು ತೊಡೆ ತಟ್ಟುವವರು ಮೃದಂಗದ ಪೆಟ್ಟು ಕೇಳಿದ ಮೇಲೆ ಕೈ ಇಳಿಸಲ್ಲ. ಹಾಗೆ ಮಾಡಿದರೆ ಪ್ರತಿ ಸಲವೂ ತಡವಾಗುತ್ತೆ. ಎರಡು ಪೆಟ್ಟುಗಳ ನಡುವಿನ ಅಂತರ ಎಷ್ಟೆಂದು ಅವರ ದೇಹಕ್ಕೆ ಗೊತ್ತಾಗಿರುತ್ತೆ, ಕೈ ಅದಕ್ಕೆ ತಕ್ಕಂತೆ ಮೊದಲೇ ಹೊರಟಿರುತ್ತೆ. ಕಾಲಿನದ್ದೂ ಇದೇ ಕತೆ. ಮುಂದಿನ ಪೆಟ್ಟು ಯಾವಾಗ ಅಂತ ಖಚಿತವಾಗಿ ಗೊತ್ತಿದ್ದರೆ, ಕಾಲನ್ನು ಯಾವಾಗ ಎತ್ತಬೇಕು, ಮಧ್ಯದಲ್ಲಿ ಎಷ್ಟು ವೇಗ ಇರಬೇಕು, ಯಾವಾಗ ಊರಬೇಕು ಎಂಬುದನ್ನೆಲ್ಲ ಮೆದುಳು ಆ ಅಂತರದೊಳಗೆ ಹೊಂದಿಸಿಕೊಳ್ಳುತ್ತೆ. ಊರಹಬ್ಬದಲ್ಲಿ ದೇವರ ಅಡ್ಡೆ ಹೊತ್ತವರು ತಮಟೆಗೆ ಹೆಜ್ಜೆ ಹಾಕುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ. ಹೊಸದು ಯಾವುದೆಂದರೆ, ಇದನ್ನು ರೋಗಿಯ ನಿರ್ದಿಷ್ಟ ಕೊರತೆಯೊಂದಕ್ಕೆ ಜೋಡಿಸಿದ್ದು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಆಳದಲ್ಲಿರುವ, ಚಲನೆಯ ಒಳಗಡಿಯಾರದಂತೆ ಕೆಲಸ ಮಾಡುವ ಭಾಗ ಹದ ತಪ್ಪುತ್ತೆ. ಕಾಲಿನಲ್ಲಿ ಶಕ್ತಿ ಇದ್ದರೂ ಹೆಜ್ಜೆಗಳು ಚಿಕ್ಕದಾಗ್ತಾ ಹೋಗುತ್ತವೆ. ಪಾರ್ಶ್ವವಾಯು, ಅಂದರೆ ಲಕ್ವ ಆದವರಲ್ಲಿ ಒಂದು ಕಾಲು ಸರಿಯಾದ ಹೊತ್ತಿಗೆ ಬರಲ್ಲ. ಒಳ್ಳೆಯ ಕಾಲು ಅವಸರದಲ್ಲಿ ಮುಂದೆ ಬೀಳುತ್ತೆ, ಸೋತ ಕಾಲು ಎಳೆದುಕೊಂಡು ಬರುತ್ತೆ. ಎರಡರಲ್ಲೂ ಕೆಟ್ಟಿರುವ ಒಂದು ಮುಖ್ಯ ಸಂಗತಿ ಸಮಯ. ಒಳಗಿನ ಗಡಿಯಾರ ಕೈಕೊಟ್ಟಾಗ ಹೊರಗಿನಿಂದ ಕಿವಿಯ ಮೂಲಕ ಗಡಿಯಾರ ಕೊಡುವುದೇ ತಾಳದ ನಡಿಗೆ.

ಥೌಟ್ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾರ್ಕಿನ್ಸನ್ ಇದ್ದ 15 ಜನ ಮೂರು ವಾರ ಮನೆಯಲ್ಲೇ ಕ್ಯಾಸೆಟ್ ಹಾಕಿಕೊಂಡು ನಡಿಗೆ ಅಭ್ಯಾಸ ಮಾಡಿದರು. ಕ್ಯಾಸೆಟ್ಟಿನಲ್ಲಿದ್ದದ್ದು ವಾದ್ಯಸಂಗೀತ, ಅದರೊಳಗೆ ಹುದುಗಿಸಿದ ಮೆಟ್ರೊನೋಮ್ ಪೆಟ್ಟು. ಅವರ ನಡಿಗೆಯ ವೇಗ ಶೇ 25ರಷ್ಟು ಹೆಚ್ಚಿತು. ಯಾವ ತಾಳವೂ ಇಲ್ಲದೆ ತಮ್ಮಷ್ಟಕ್ಕೆ ನಡೆದು ಅಭ್ಯಾಸ ಮಾಡಿದವರಲ್ಲಿ ಹೆಚ್ಚಿದ್ದು ಶೇ 7. ಅಭ್ಯಾಸವನ್ನೇ ಮಾಡದವರ ವೇಗ ಶೇ 7ರಷ್ಟು ಇಳಿದಿತ್ತು. ಸಣ್ಣ ಅಧ್ಯಯನ, ನಿಜ. ಆದರೆ ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಕೊನೆಯ ಅಳತೆ ತೆಗೆದುಕೊಂಡಾಗ ಸಂಗೀತ ಆಫ್ ಆಗಿತ್ತು. ಅಂದರೆ ಅಳೆದದ್ದು ಹಾಡಿನ ಜೊತೆಗಿನ ಹುರುಪನ್ನಲ್ಲ, ಹಾಡು ನಿಂತ ಮೇಲೆ ಕಾಲಿನಲ್ಲಿ ಉಳಿದದ್ದನ್ನು.

ಇದನ್ನು ಮಾಡೋದು ಹೇಗೆ? ಒಂದು ಕಲ್ಪಿತ ಉದಾಹರಣೆ ನೋಡೋಣ. ಲಕ್ವವಾಗಿ ಒಂದು ವರ್ಷವಾದ, ಊರುಗೋಲು ಹಿಡಿದು ನಡೆಯಬಲ್ಲ 60 ವರ್ಷದವರೊಬ್ಬರು. ಫಿಸಿಯೋಥೆರಪಿಸ್ಟ್ ಮೊದಲು ತಾಳ ಹಾಕಲ್ಲ, ನೆಲದ ಮೇಲೆ 10 ಮೀಟರ್ ಗುರುತು ಹಾಕುತ್ತಾರೆ. ಶುರುವಿನ ಮತ್ತು ಕೊನೆಯ ತಡವರಿಕೆ ಲೆಕ್ಕಕ್ಕೆ ಬರಬಾರದು ಅಂತ ಹಿಂದೆ ಮುಂದೆ ಎರಡೆರಡು ಮೀಟರ್ ಬಿಡುತ್ತಾರೆ. ಈ 10 ಮೀಟರನ್ನು ಅವರು 16 ಸೆಕೆಂಡಿನಲ್ಲಿ, 20 ಹೆಜ್ಜೆಯಲ್ಲಿ ದಾಟಿದರು ಅಂತಿಟ್ಟುಕೊಳ್ಳಿ. ಹಾಗಾದರೆ ನಿಮಿಷಕ್ಕೆ 75 ಹೆಜ್ಜೆ, ಒಂದು ಹೆಜ್ಜೆಗೆ ಅರ್ಧ ಮೀಟರ್, ವೇಗ ಸೆಕೆಂಡಿಗೆ ಸುಮಾರು 0.63 ಮೀಟರ್. ಪುನಶ್ಚೇತನ ವೈದ್ಯರ ರೂಢಿಯ ಲೆಕ್ಕದಲ್ಲಿ 0.4ಕ್ಕಿಂತ ಕಡಿಮೆ ವೇಗದವರು ಹೆಚ್ಚುಕಡಿಮೆ ಮನೆಯೊಳಗೇ ಉಳಿಯುತ್ತಾರೆ, 0.8 ದಾಟಿದವರು ಹೊರಗೆ ಸಲೀಸಾಗಿ ಓಡಾಡುತ್ತಾರೆ. ಇವರು ನಡುವೆ ಸಿಕ್ಕಿಕೊಂಡಿದ್ದಾರೆ. ಅಂಗಡಿಗೆ ಹೋಗಿಬರಬಲ್ಲರು, ರಸ್ತೆ ದಾಟಲು ಹೆದರುತ್ತಾರೆ.

ಮೆಟ್ರೊನೋಮನ್ನು ಮೊದಲು 75ಕ್ಕೇ ಇಡಬೇಕು. ಬಹಳ ಜನ ತಪ್ಪುವುದು ಇಲ್ಲೇ. ಉತ್ಸಾಹದಲ್ಲಿ ಮೊದಲ ದಿನವೇ ಕುಣಿಯುವ ಹಾಡು ಹಾಕಿಬಿಡುತ್ತಾರೆ. ರೋಗಿಯ ಸ್ವಂತ ಗತಿಯಲ್ಲೇ ಕಾಲು ಮತ್ತು ಪೆಟ್ಟು ಒಂದಾಗುವ ತನಕ ಕಾಯಬೇಕು. ಆಮೇಲೆ ಶೇ 5ರಷ್ಟು ಏರಿಸಿ 79ಕ್ಕೆ ತರಬೇಕು. ಈಗ ಮತ್ತೆ 10 ಮೀಟರ್ ನಡೆಸಿ ಹೆಜ್ಜೆ ಎಣಿಸಬೇಕು. 20 ಹೆಜ್ಜೆಯೇ ಬಂದರೆ ವೇಗ 0.66ಕ್ಕೆ ಏರಿದೆ, ಸರಿ. ಆದರೆ ಹೆಜ್ಜೆ 22 ಆದರೆ? ಕಾಲು ತಾಳಕ್ಕೆ ಸರಿಯಾಗಿಯೇ ಬೀಳ್ತಿದೆ, ನೋಡುವವರಿಗೆ ಚುರುಕಾಗಿಯೂ ಕಾಣುತ್ತೆ. ಲೆಕ್ಕ ಬೇರೆ ಹೇಳುತ್ತೆ. ಒಂದು ಹೆಜ್ಜೆ 45 ಸೆಂಟಿಮೀಟರಿಗೆ ಇಳಿದಿದೆ, ವೇಗ 0.6ಕ್ಕೆ ಕುಸಿದಿದೆ. ತಾಳ ಹಿಡಿಯುವ ಭರದಲ್ಲಿ ಅವರು ಹೆಜ್ಜೆಯನ್ನು ಮೊಟಕು ಮಾಡಿದ್ದಾರೆ. ಆಗ ಪೆಟ್ಟನ್ನು ಹಿಂದಕ್ಕೆ ತಂದು, ಹೆಜ್ಜೆಯನ್ನು ಉದ್ದ ಮಾಡಿಸಿ, ನಂತರ ಮತ್ತೆ ಏರಿಸಬೇಕು. ಪಾರ್ಕಿನ್ಸನ್ ಇರುವವರಲ್ಲಂತೂ ಈ ತಪ್ಪು ಅಪಾಯಕಾರಿ. ಹೆಜ್ಜೆ ಚಿಕ್ಕದಾಗುತ್ತಾ ದೇಹ ಮುಂದಕ್ಕೆ ವಾಲಿ ಮುಗ್ಗರಿಸುವುದು ಆ ಕಾಯಿಲೆಯ ಗುಣವೇ ಆಗಿರುವಾಗ, ಅತಿ ವೇಗದ ತಾಳ ಅದಕ್ಕೆ ಇನ್ನಷ್ಟು ಇಂಬು ಕೊಡುತ್ತೆ.

ಎಲ್ಲರ ಕಿವಿಗೂ ತಾಳ ಒಂದೇ ಥರ ಸಿಗಲ್ಲ ಎಂಬುದು ಇನ್ನೊಂದು ತೊಡಕು. ಕೆನಡಾದಲ್ಲಿ ಜೆಸ್ಸಿಕಾ ಗ್ರಾನ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಳ ಗುರುತಿಸುವ ಶಕ್ತಿ ಕಡಿಮೆ ಇರುವವರು ಪೆಟ್ಟು ಸ್ಪಷ್ಟವಿಲ್ಲದ ಹಾಡಿಗೆ ಹೆಜ್ಜೆ ಹೊಂದಿಸಲು ಹೋದಾಗ ಅವರ ನಡಿಗೆ ಕೆಡುವುದು ಕಂಡಿತು. ಪೆಟ್ಟು ಹುಡುಕುವುದೇ ಅವರಿಗೆ ಇನ್ನೊಂದು ಕೆಲಸವಾಗಿಬಿಡುತ್ತೆ. ಅಂಥವರಿಗೆ ಎಷ್ಟೇ ಇಷ್ಟದ ಹಾಡಾದರೂ, ಅದಕ್ಕಿಂತ ಬರಿಯ ಟಿಕ್ ಟಿಕ್ ಮೇಲು.

ವಿಧಾನ ಸಿದ್ಧವಾದ ಮೇಲೂ ಅದನ್ನು ಮಾಡಿಸಲು ಪಕ್ಕದಲ್ಲಿ ತರಬೇತಾದ ಒಬ್ಬರು ಬೇಕೇ ಬೇಕಿತ್ತು. ಹೆಜ್ಜೆ ಎಣಿಸಬೇಕು, ಕಣ್ಣಿಟ್ಟು ನೋಡಬೇಕು, ಗತಿ ಬದಲಿಸಬೇಕು. ಈ ಕೆಲಸವನ್ನು ಸಾಧನಕ್ಕೆ ವಹಿಸಿದ್ದು ಅಮೆರಿಕದ ಮೆಡ್‌ರಿದಮ್ಸ್ ಎಂಬ ಕಂಪನಿ. ಅದರ ಇನ್‌ಟ್ಯಾಂಡೆಮ್ ಎಂಬ ಉತ್ಪನ್ನದಲ್ಲಿ ಎರಡು ಶೂಗಳಿಗೂ ಸಿಕ್ಕಿಸುವ ಸೆನ್ಸರ್, ಹೆಡ್‌ಫೋನ್ ಮತ್ತು ಫೋನಿನಂಥ ಒಂದು ಯಂತ್ರ ಇರುತ್ತೆ. ಸೆನ್ಸರ್ ಪ್ರತಿ ಹೆಜ್ಜೆ ಬಿದ್ದ ಹೊತ್ತನ್ನು ಅಳೆಯುತ್ತೆ, ಯಂತ್ರ ಅದನ್ನು ಹಾಡಿನ ಪೆಟ್ಟಿನ ಜೊತೆ ತಾಳೆ ನೋಡುತ್ತೆ. ಎರಡೂ ಒಂದಾಗಿದ್ದರೆ ಗತಿ ತುಸು ಏರುತ್ತೆ. ತಪ್ಪುತ್ತಿದ್ದರೆ ಹಾಡಿನ ಮೇಲೆ ಪೆಟ್ಟಿನ ಸದ್ದು ಹೆಚ್ಚುವರಿಯಾಗಿ ಸೇರುತ್ತೆ, ಇಲ್ಲವೇ ಗತಿ ಇಳಿಯುತ್ತೆ. ವೈದ್ಯರ ಚೀಟಿ ಇಲ್ಲದೆ ಇದು ಸಿಗಲ್ಲ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ತ್ವರಿತ ಪರಿಶೀಲನೆಯ ವಿಶೇಷ ಮಾನ್ಯತೆ ಕೊಟ್ಟಿತ್ತು.

ಲಕ್ವವಾಗಿ ಬಹಳ ದಿನಗಳಾಗಿದ್ದ 87 ಜನರ ಮೇಲೆ ನಡೆದ ಪರೀಕ್ಷೆಯ ವಿವರ 2024ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ನಲ್ಲಿ ಬಂತು. ವಾರಕ್ಕೆ ಮೂರು ಸಲ, ಪ್ರತಿ ಸಲ ಅರ್ಧ ಗಂಟೆ, ಒಟ್ಟು ಐದು ವಾರ. ಹೋಲಿಕೆಗೆ ಇದ್ದ ಗುಂಪು ಸುಮ್ಮನೆ ಕೂತಿರಲಿಲ್ಲ, ಅವರೂ ಅಷ್ಟೇ ಹೊತ್ತು ನಡೆದರು. ತಾಳದ ಗುಂಪಿನ ವೇಗ ಸರಾಸರಿ ಸೆಕೆಂಡಿಗೆ 0.14 ಮೀಟರ್ ಹೆಚ್ಚಿತು, ಬರಿ ನಡೆದವರದ್ದು 0.06. ಬದುಕಿನಲ್ಲಿ ಗೊತ್ತಾಗುವಷ್ಟು ಸುಧಾರಿಸಿದವರು ತಾಳದ ಗುಂಪಿನಲ್ಲಿ ಶೇ 40, ಇನ್ನೊಂದರಲ್ಲಿ ಶೇ 22. ಇದನ್ನು ತಿರುಗಿಸಿ ಓದಿದರೆ ತಾಳದ ಗುಂಪಿನಲ್ಲೂ 10ರಲ್ಲಿ ಆರು ಜನಕ್ಕೆ ಆ ಮಟ್ಟದ ಲಾಭ ಸಿಗಲಿಲ್ಲ. ಪರೀಕ್ಷೆ ನಡೆಸಿದ್ದು ಉತ್ಪನ್ನದ ಒಡೆತನದ ಕಂಪನಿಯ ಪ್ರಾಯೋಜಕತ್ವದಲ್ಲೇ ಎಂಬುದನ್ನೂ ಮರೆಯಬಾರದು.

ಇದನ್ನು ಕನ್ನಡದ ಹಾಡುಗಳಲ್ಲಿ ಮಾಡಬಹುದೇ? ಮಾಡಬಹುದು, ಆದರೆ ಹಾಡು ಆರಿಸುವಾಗ ಅಭಿಮಾನ ಅಡ್ಡ ಬರಬಾರದು. ಆಲಾಪನೆಯಲ್ಲಿ ಪೆಟ್ಟೇ ಇಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಭಾವಗೀತೆಗಳಲ್ಲಿ ಗಾಯಕರು ಮಾತಿನ ಭಾವಕ್ಕೆ ತಕ್ಕಂತೆ ಎಳೆದು ನಿಲ್ಲಿಸುತ್ತಾರೆ, ಕೇಳಲು ಚಂದ, ಕಾಲಿಗೆ ಗೊಂದಲ. ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಕೂತು ರೆಕಾರ್ಡ್ ಮಾಡಿದ ಹಳೆಯ ಸಿನಿಮಾ ಹಾಡುಗಳಲ್ಲಿ ಪಲ್ಲವಿಯ ಗತಿ ಚರಣಕ್ಕೆ ಬರುವಷ್ಟರಲ್ಲಿ ತುಸು ಏರುವುದೂ ಉಂಟು. ಕಂಪ್ಯೂಟರ್ ತಾಳಕ್ಕೆ ರೆಕಾರ್ಡ್ ಆದ ಈಚಿನ ಹಾಡುಗಳು, ಕೋಲಾಟದ ಹಾಡುಗಳು, ಮಟ್ಟಸವಾದ ಭಜನೆಗಳು ಹೆಚ್ಚು ಒದಗುತ್ತವೆ. ಹಾಡಿನ ಪೆಟ್ಟು ನಿಮಿಷಕ್ಕೆ 150 ಇದ್ದರೆ 75 ಹೆಜ್ಜೆಯವರು ಒಂದು ಬಿಟ್ಟು ಒಂದಕ್ಕೆ ಕಾಲಿಡಬಹುದು. ಇದನ್ನೇ ಆ್ಯಪ್ ಮಾಡಿ ಮಾರಬೇಕೆಂದರೆ ಮಾತ್ರ ಹಾಡಿನ ಹಕ್ಕು ಇರುವ ಆಡಿಯೋ ಕಂಪನಿಗಳ ಬಾಗಿಲು ತಟ್ಟಬೇಕು. ಮೆಡ್‌ರಿದಮ್ಸ್ ಕೂಡ ಯೂನಿವರ್ಸಲ್ ಮ್ಯೂಸಿಕ್ ಜೊತೆ ಒಪ್ಪಂದ ಮಾಡಿಕೊಂಡೇ ಮುಂದೆ ಹೋದದ್ದು.

ಮನೆಯವರು ಪ್ರಯತ್ನಿಸುವುದಾದರೆ ಮೊದಲು ಫಿಸಿಯೋಥೆರಪಿಸ್ಟ್ ಒಪ್ಪಬೇಕು. ಯಾರ ನೆರವೂ ಇಲ್ಲದೆ ನಿಲ್ಲಲಾಗದವರಿಗೆ, ಈಚೆಗೆ ಬಿದ್ದವರಿಗೆ ಇದು ಸಲ್ಲದು. ರಸ್ತೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಅಂತೂ ಬೇಡವೇ ಬೇಡ. ಹಜಾರ ಅಥವಾ ತಾರಸಿ, ಸೋತ ಕಾಲಿನ ಬದಿಗೆ ಒಬ್ಬರು, ಫೋನಿನಲ್ಲಿ ಉಚಿತ ಮೆಟ್ರೊನೋಮ್ ಆ್ಯಪ್, ಕೈಯಲ್ಲಿ ಒಂದು ನೋಟ್‌ಬುಕ್. ವಾರಕ್ಕೊಮ್ಮೆ 10 ಮೀಟರಿನ ಸೆಕೆಂಡು ಮತ್ತು ಹೆಜ್ಜೆ ಎರಡನ್ನೂ ಬರೆದಿಡಿ. ಬರೆಯುವ ದಿನ ಮೆಟ್ರೊನೋಮ್ ಆಫ್ ಮಾಡಿ.