ಕಾರ್ಖಾನೆ ಊಟದ ಕ್ಯಾಟರಿಂಗ್ ಪ್ರಸ್ತಾವ: ಬೇಲೂರು ಕೈಗಾರಿಕಾ ಪ್ರದೇಶ, ಧಾರವಾಡ

ಕಾರ್ಖಾನೆ ಅಥವಾ ಕಚೇರಿಯ ದಿನನಿತ್ಯದ ಊಟವನ್ನೂ ಆಯುಧಪೂಜೆ, ವಾರ್ಷಿಕೋತ್ಸವದಂಥ ವಿಶೇಷ ದಿನಗಳ ಊಟವನ್ನೂ ವಹಿಸಿಕೊಳ್ಳುತ್ತೇವೆಂದು ಕ್ಯಾಟರಿಂಗ್ ಸಂಸ್ಥೆಯೊಂದು ಎಚ್‌ಆರ್ ಮ್ಯಾನೇಜರ್ ಮುಂದಿಡುವ ದರ ಮತ್ತು ಷರತ್ತುಗಳ ಪತ್ರಕ್ಕೆ ಈ ಹೆಸರು. ಇಲ್ಲಿ ಹೇಳುವ ಬೇಲೂರು ಹಾಸನ ಜಿಲ್ಲೆಯ ದೇವಾಲಯದ ಊರಲ್ಲ. ಇದು ಧಾರವಾಡದಿಂದ ಬೆಳಗಾವಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಹಳ್ಳಿ. 1988ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಬೆಳವಣಿಗೆ ಕೇಂದ್ರಗಳ ಯೋಜನೆಯಲ್ಲಿ ಧಾರವಾಡಕ್ಕೂ ಹಾಸನಕ್ಕೂ ಒಂದೊಂದು ಕೇಂದ್ರ ಸಿಕ್ಕಿತ್ತು. ಹೀಗಾಗಿ ಹೆಸರೊಂದನ್ನೇ ನೋಡಿ ಎರಡು ಬೇಲೂರುಗಳನ್ನು ಬೆರೆಸಿಬಿಡುವುದು ಸುಲಭ. ಟಾಟಾ ಸಮೂಹದ ಭೂಮಿ ಅಗೆಯುವ ಯಂತ್ರಗಳ ಕಾರ್ಖಾನೆ, 2006ರಲ್ಲಿ ಬ್ರೆಜಿಲ್‌ನ ಮಾರ್ಕೋಪೋಲೊ ಜೊತೆಗೂಡಿ ಸ್ಥಾಪಿಸಿದ ಸಂಸ್ಥೆಯ ಬಸ್ ಕವಚದ ಕಾರ್ಖಾನೆ ಈ ಭಾಗಕ್ಕೆ ಬಂದ ದೊಡ್ಡ ಘಟಕಗಳು. ಅವುಗಳ ಸುತ್ತ ಬಿಡಿಭಾಗ ಮಾಡುವ ಸಣ್ಣ, ಮಧ್ಯಮ ಘಟಕಗಳು ಬೆಳೆದವು.

ಊಟದ ಪ್ರಸ್ತಾವದ ಇತಿಹಾಸವನ್ನು ಸಾಮಾನ್ಯವಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಂದ ಆರಂಭಿಸುತ್ತಾರೆ: ಮೊದಲು ಊಟದ ಕೂಪನ್, ಆಮೇಲೆ ಫುಡ್ ಕೋರ್ಟ್, ಕೊನೆಗೆ ಮೊಬೈಲ್‌ನಲ್ಲಿ ಆರ್ಡರ್. ಕಚೇರಿಗಳ ಮಟ್ಟಿಗೆ ಇದು ಸರಿ. ಬೇಲೂರಿನಂಥ ಕಾರ್ಖಾನೆ ಪ್ರದೇಶಕ್ಕೆ ಈ ಕಥೆ ಹೊಂದುವುದಿಲ್ಲ. ಇಲ್ಲಿ ಪ್ರಸ್ತಾವದ ರೂಪವನ್ನು ಕಾಲಕಾಲಕ್ಕೆ ತಿದ್ದಿದ್ದು ಜನರ ರುಚಿಯಾಗಲಿ ಹೊಸ ತಂತ್ರಜ್ಞಾನವಾಗಲಿ ಅಲ್ಲ. ಊಟ ಹಾಕುವ ಹೊಣೆ ಯಾರದು, ಆ ಹೊಣೆಯ ಖರ್ಚು ಯಾರ ಲೆಕ್ಕಕ್ಕೆ ಬರುತ್ತದೆ ಎಂಬ ಕಾನೂನಿನ ಪ್ರಶ್ನೆ. ಈ ಪ್ರಶ್ನೆ ಹಿಡಿದು ನೋಡಿದರೆ, ಒಂದೇ ಪತ್ರದಲ್ಲಿ ಜೊತೆಯಾಗಿ ಮಾರುವ ದಿನದ ಊಟ ಮತ್ತು ಹಬ್ಬದ ಊಟ ಮೊದಲಿನಿಂದಲೂ ಎರಡು ಬೇರೆ ವ್ಯವಹಾರಗಳಾಗಿದ್ದವೆಂಬುದು ಕಾಣುತ್ತದೆ.

1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮು 250ಕ್ಕಿಂತ ಹೆಚ್ಚು ಕಾರ್ಮಿಕರಿರುವ, ಸರ್ಕಾರ ಹೆಸರಿಸಿದ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಕಡ್ಡಾಯಗೊಳಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಕ್ಯಾಂಟೀನ್ ನಡೆಸಲು ಸಮಿತಿ ಇರಬೇಕಿತ್ತು, ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳಿರಬೇಕಿತ್ತು. 150ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಬುತ್ತಿ ಬಿಚ್ಚಿ ಉಣ್ಣಲು ಕುಡಿಯುವ ನೀರಿನ ಸೌಕರ್ಯವಿರುವ ಕೋಣೆ ಇರಬೇಕೆಂದು 47ನೇ ಕಲಮು ಹೇಳಿತು. 1976ರ ತಿದ್ದುಪಡಿ ಬಂದ ಮೇಲೆ ಕ್ಯಾಂಟೀನಿನ ಯಾವ ಖರ್ಚನ್ನು ಊಟದ ಬೆಲೆಗೆ ಸೇರಿಸದೆ ಮಾಲೀಕನೇ ಭರಿಸಬೇಕು ಎಂಬುದನ್ನೂ ನಿಯಮಗಳಲ್ಲೇ ಗೊತ್ತುಮಾಡುವ ಅವಕಾಶ ಸಿಕ್ಕಿತು. ಈ ಕೊನೆಯ ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಜಾಗ, ಸಲಕರಣೆಗಳ ಖರ್ಚು ಕಾರ್ಖಾನೆಯದಾದ ಮೇಲೆ ಗುತ್ತಿಗೆದಾರನ ಪ್ಲೇಟ್ ದರದಲ್ಲಿ ಉಳಿಯುವುದು ಮುಖ್ಯವಾಗಿ ದಿನಸಿ, ತರಕಾರಿ ಮತ್ತು ಕೈಕೆಲಸ. ಅದೇ ಗುತ್ತಿಗೆದಾರ ಕಡ್ಡಾಯದ ಗೆರೆ ಮುಟ್ಟದ ಪಕ್ಕದ ಘಟಕಕ್ಕೆ ಅದೇ ಊಟ ಕಳಿಸಿದರೆ ಅಡುಗೆಮನೆಯ ಬಾಡಿಗೆ, ಪಾತ್ರೆ, ವ್ಯಾನು, ಡೀಸೆಲ್ ಎಲ್ಲವೂ ದರಕ್ಕೆ ಸೇರುತ್ತವೆ. ಹಾಗಾಗಿ ಎರಡು ಕಾರ್ಖಾನೆಗಳ ಪ್ಲೇಟ್ ದರಗಳನ್ನು ಪಕ್ಕಪಕ್ಕ ಇಟ್ಟು ಒಬ್ಬ ದುಬಾರಿ, ಇನ್ನೊಬ್ಬ ಅಗ್ಗ ಎಂದು ತೀರ್ಮಾನಿಸಿದರೆ ಲೆಕ್ಕ ತಪ್ಪುತ್ತದೆ.

ಕಾಯ್ದೆ ಕಾಗದದ ಮೇಲಷ್ಟೇ, ಎಚ್‌ಆರ್ ಮ್ಯಾನೇಜರ್ ಒಪ್ಪುವುದು ರುಚಿಗೆ ಎಂಬ ಆಕ್ಷೇಪ ಇದ್ದೇ ಇದೆ. ಆದರೆ ಪ್ರಸ್ತಾವಕ್ಕೆ ಲಗತ್ತಿಸುವ ಕಾಗದಗಳು ಬೇರೆಯೇ ಹೇಳುತ್ತವೆ. ಅಡುಗೆಯವರ ಪಿಎಫ್, ಇಎಸ್‌ಐ ದಾಖಲೆ, ಹಾಜರಿ ಮತ್ತು ಸಂಬಳದ ರಿಜಿಸ್ಟರ್, ಮೇಲ್ವಿಚಾರಕ ಯಾರ ಕಡೆಯವನು ಎಂಬ ಷರತ್ತು, ಇವುಗಳ ಹಿಂದೆ ನ್ಯಾಯಾಲಯದಲ್ಲಿ ನಡೆದ ದೀರ್ಘ ವಿವಾದವಿದೆ. ಕಡ್ಡಾಯ ಕ್ಯಾಂಟೀನಿನಲ್ಲಿ ದುಡಿಯುವವರು ಗುತ್ತಿಗೆದಾರನ ಆಳುಗಳೋ ಕಾರ್ಖಾನೆಯ ನೌಕರರೋ? 1990ರಲ್ಲಿ ಸುಪ್ರೀಂ ಕೋರ್ಟ್ ರೈಲ್ವೆಯ ಕಡ್ಡಾಯ ಕ್ಯಾಂಟೀನುಗಳ ಕೆಲಸಗಾರರನ್ನು ರೈಲ್ವೆ ನೌಕರರೆಂದೇ ಪರಿಗಣಿಸಿತು. 1999ರಲ್ಲಿ ಇಂಡಿಯನ್ ಪೆಟ್ರೋಕೆಮಿಕಲ್ಸ್ ಪ್ರಕರಣದಲ್ಲಿ, ಅವರು ಕಾರ್ಖಾನೆ ಕಾಯ್ದೆಯ ಮಟ್ಟಿಗೆ ಮಾತ್ರ ಕಾರ್ಖಾನೆಯವರು, ಉಳಿದ ಎಲ್ಲಕ್ಕೂ ತಾನಾಗಿಯೇ ಅಲ್ಲ ಎಂದಿತು. ಹಾಗೆ ಹೇಳಿದರೂ ಆ ಪ್ರಕರಣದ ಸಂಗತಿಗಳನ್ನು ನೋಡಿ ತೀರ್ಪನ್ನು ಕೆಲಸಗಾರರ ಪರವಾಗಿಯೇ ಕೊಟ್ಟಿತು. 2014ರಲ್ಲಿ ಏರ್ ಇಂಡಿಯಾ ಕ್ಯಾಂಟೀನ್ ಪ್ರಕರಣದಲ್ಲಿ ಮಾತ್ರ ಕೆಲಸಗಾರರಿಗೆ ಸೋಲಾಯಿತು. ಕೆಲಸಗಾರರ ಮೇಲೆ ಕಂಪನಿಗೆ ಪೂರ್ಣ, ಪರಿಣಾಮಕಾರಿ ಹಿಡಿತ ಇತ್ತೆಂದು ತೋರಿಸಲು ಆಗಲಿಲ್ಲ ಎಂಬುದು ಕಾರಣ. ಅಂದರೆ ನಿರ್ಣಾಯಕವಾದದ್ದು ಹಿಡಿತ. ಎಚ್‌ಆರ್ ಮ್ಯಾನೇಜರ್ ದಿನದ ಮೆನು ಗೊತ್ತುಮಾಡಿದರೆ ಅದು ಗ್ರಾಹಕನ ಬೇಡಿಕೆ. ಅಡುಗೆಯವನ ರಜೆಯನ್ನೂ ಅವರೇ ಮಂಜೂರು ಮಾಡತೊಡಗಿದರೆ ಅದು ಮಾಲೀಕನ ಹಿಡಿತದತ್ತ ವಾಲುತ್ತದೆ. ಪ್ರಸ್ತಾವದಲ್ಲಿ ನೀರಸವಾಗಿ ಕಾಣುವ ಆ ಷರತ್ತುಗಳನ್ನು ಈ ಬೆಳಕಿನಲ್ಲಿ ಓದಬೇಕು. ಎರಡು ದಿನಕ್ಕೆ ಬಂದು ಹೋಳಿಗೆ ಬಡಿಸಿ ಹೋಗುವ ತಂಡದ ವಿಷಯದಲ್ಲಿ ಈ ಪ್ರಶ್ನೆ ಹುಟ್ಟುವುದು ವಿರಳ.

ಎರಡು ಊಟಗಳ ಭೇದವನ್ನು ಅತ್ಯಂತ ಸ್ಪಷ್ಟವಾಗಿ ಬರೆದಿಟ್ಟದ್ದು ತೆರಿಗೆ ಇಲಾಖೆ. ಜಿಎಸ್‌ಟಿಯ ಮೊದಲ ವರ್ಷದ ಗೊಂದಲದ ನಂತರ, ಕರಾರಿನ ಮೇಲೆ ಕಾರ್ಖಾನೆ, ಕಚೇರಿಗಳ ಕ್ಯಾಂಟೀನಿನಲ್ಲಿ ನಿಯಮಿತವಾಗಿ ಹಾಕುವ ಊಟಕ್ಕೆ 2018ರ ಜುಲೈ 27ರಿಂದ ಶೇ. 5 ತೆರಿಗೆ ಎಂದಾಯಿತು. ಸಮಾರಂಭಕ್ಕೆ, ಆಗೊಮ್ಮೆ ಈಗೊಮ್ಮೆ ಹಾಕುವ ಊಟ ಶೇ. 18ರಲ್ಲೇ ಉಳಿಯಿತು. 180 ಜನರ ಘಟಕವೊಂದು ಆಯುಧಪೂಜೆಗೆ 200 ರೂಪಾಯಿಯ ಹೋಳಿಗೆ ಊಟ ಹಾಕಿಸಿತೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಊಟದ ಬಿಲ್ಲು 36,000 ರೂಪಾಯಿ. ತೆರಿಗೆ ಶೇ. 18ರಲ್ಲಿ 6,480, ಶೇ. 5ರಲ್ಲಿ 1,800. ಹಿಂದಿನ ದಿನ ಅದೇ ಬಾಣಸಿಗ ಅದೇ ಜಾಗದಲ್ಲಿ ಬಡಿಸಿದ ರೊಟ್ಟಿ ಊಟಕ್ಕೆ ಶೇ. 5. ಹಬ್ಬದ ಊಟವನ್ನು ತಿಂಗಳ ಬಿಲ್ಲಿನೊಳಗೆ ‘ವಿಶೇಷ ಮೆನು’ ಎಂದು ಸೇರಿಸಿಬಿಡುವ ಆಸೆ ಹುಟ್ಟಲು ಇಷ್ಟು ಅಂತರ ಸಾಕಿತ್ತು. 2019ರ ಅಕ್ಟೋಬರ್ 1ರಿಂದ ದುಬಾರಿ ಕೋಣೆಗಳ ಹೋಟೆಲುಗಳನ್ನು ಬಿಟ್ಟು ಉಳಿದವರ ಹೊರಾಂಗಣ ಕ್ಯಾಟರಿಂಗ್ ಕೂಡ ಶೇ. 5ಕ್ಕೆ ಇಳಿಯಿತು, ಆದರೆ ಗುತ್ತಿಗೆದಾರ ತಾನು ಕೊಂಡ ಸಾಮಾನಿನ ತೆರಿಗೆಯನ್ನು ವಜಾ ಮಾಡಿಕೊಳ್ಳುವಂತಿಲ್ಲ ಎಂಬ ಷರತ್ತಿನೊಂದಿಗೆ. ದರ ಒಂದಾದರೂ ಭೇದ ಅಳಿಯಲಿಲ್ಲ. 2019ರ ಫೆಬ್ರುವರಿಯಿಂದ, ಕಾನೂನಿನ ಪ್ರಕಾರ ಮಾಲೀಕ ಕೊಡಲೇಬೇಕಾದ ಊಟಕ್ಕೆ ತೆತ್ತ ತೆರಿಗೆಯನ್ನು ಕಂಪನಿ ವಜಾ ಮಾಡಿಕೊಳ್ಳಬಹುದು. ಪ್ರೀತಿಯಿಂದ ಹಾಕಿಸಿದ ಹಬ್ಬದ ಊಟಕ್ಕೆ ಆ ಸೌಲಭ್ಯವಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ತೋರಿಸಿದ ಬಿಲ್ಲು ಕಂಪನಿಗೆ ನಷ್ಟ ತರುತ್ತದೆ.

ಒಲೆ, ಪಾತ್ರೆ, ಆಳು ಎಲ್ಲ ಒಂದೇ ಇರುವಾಗ ಎರಡನ್ನೂ ಒಬ್ಬನಿಗೇ ಕೊಟ್ಟರೆ ಅಗ್ಗವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಕೆಲವು ಸಲ ನಿಜ. ಆದರೆ ಆ ಅಗ್ಗ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಹಬ್ಬದ ಊಟಕ್ಕೆ ಎಷ್ಟು ಎಲೆ ಎಂಬುದು ಮೊದಲೇ ಗೊತ್ತಿರುತ್ತದೆ, ಲಾಭದ ಅಂಶವೂ ದೊಡ್ಡದು. ದಿನದ ಊಟದಲ್ಲಿ ಸಂಖ್ಯೆಯೇ ನಿಲ್ಲುವುದಿಲ್ಲ. ಅದೇ 180 ಜನರ ಘಟಕದಲ್ಲಿ ಪ್ಲೇಟಿಗೆ 80 ರೂಪಾಯಿ, ಶೇ. 85ರಷ್ಟು ಕನಿಷ್ಠ ಖಾತರಿ ಎಂದರೆ 153 ಪ್ಲೇಟು. ಸಂಕಷ್ಟಿಯೋ ಮದುವೆ ಸುಗ್ಗಿಯೋ ಬಂದು 130 ಜನ ಉಂಡರೆ ಉಳಿದ 23 ಪ್ಲೇಟಿನ 1,840 ರೂಪಾಯಿ ಕಂಪನಿಯ ಮೇಲೆ. ಈ ಹೊರೆ ಬೇಡವೆಂದು ಖಾತರಿ ತೆಗೆಸಿದರೆ ಅದು ಗುತ್ತಿಗೆದಾರನ ಮೇಲೆ ಬೀಳುತ್ತದೆ. ಅವನು ಅದನ್ನು ಹಬ್ಬದ ದರದಲ್ಲಿ ಎತ್ತುತ್ತಾನೆ, ಇಲ್ಲವೇ ಪಲ್ಯದ ಸೌಟನ್ನು ಚಿಕ್ಕದು ಮಾಡುತ್ತಾನೆ. ಸೌಟು ಚಿಕ್ಕದಾದದ್ದು ಮೊದಲ ತಿಂಗಳಲ್ಲಿ ಕಾಣುವುದಿಲ್ಲ. ಬುತ್ತಿ ತರುವವರು ಮತ್ತೆ ಹೆಚ್ಚಾದಾಗ ಕಾಣುತ್ತದೆ.

ಧಾರವಾಡ ಸೀಮೆಯ ಪ್ರಸ್ತಾವಗಳ ನಿಜವಾದ ಪರೀಕ್ಷೆ ಜೋಳದ ರೊಟ್ಟಿ. ಖಾನಾವಳಿಯಲ್ಲಿ ರೊಟ್ಟಿ ಹೆಂಚಿನಿಂದ ನೇರ ತಾಟಿಗೆ ಬರುತ್ತದೆ. ಕಾರ್ಖಾನೆಗೆ ಹಾಗೆ ಬರಲಾರದು. ತಲೆಗೆ ಎರಡರಂತೆ 180 ಜನಕ್ಕೆ 360 ರೊಟ್ಟಿ ಬೇಕು. ಒಬ್ಬ ಹೆಣ್ಣುಮಗಳು ತಾಸಿಗೆ 40 ಬಡಿಯುತ್ತಾಳೆಂದು ಹಿಡಿದರೂ ಒಂಬತ್ತು ತಾಸಿನ ಕೆಲಸ, ಮೂವರು ಕೂತರೆ ಮೂರು ತಾಸು. ಬಡಿಸುವ ಹೊತ್ತಿಗೆ ಮೊದಲು ಬೇಯಿಸಿದ ರೊಟ್ಟಿಗೆ ಮೂರು ತಾಸು ದಾಟಿರುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲದ್ದರಿಂದ ಅಷ್ಟರಲ್ಲಿ ಅದು ಬಿರುಸಾಗಿ ಅಂಚು ಮುರಿಯುತ್ತದೆ. ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ಒಂದಷ್ಟು ಹೊತ್ತು ಮೆತ್ತಗಿರುತ್ತದೆ, ಪ್ಲಾಸ್ಟಿಕ್‌ನಲ್ಲಿ ಮುಚ್ಚಿದರೆ ಬೆವತು ಹಸಿಯಾಗುತ್ತದೆ. ಪರಿಹಾರಗಳು ಎರಡೇ: ದಿನಗಟ್ಟಲೆ ಉಳಿಯುವ ಕಡಕ್ ರೊಟ್ಟಿ, ಅಥವಾ ಕಾರ್ಖಾನೆಯ ಒಳಗೇ ರೊಟ್ಟಿಯ ಒಲೆ. ಎರಡೂ ಪತ್ರದಲ್ಲಿ ಇಲ್ಲವೆಂದರೆ ಕೆಲವೇ ವಾರಗಳಲ್ಲಿ ರೊಟ್ಟಿಯ ಜಾಗಕ್ಕೆ ಚಪಾತಿ ಬರುತ್ತದೆಂದು ತಿಳಿಯಬಹುದು. ರುಚಿ ತೋರಿಸಲು ತಂದ ಆರು ತಾಟಿನ ಬಿಸಿ ಊಟ ಇದನ್ನು ಹೇಳುವುದಿಲ್ಲ.

ಆ ಆರು ತಾಟು ಸುರಕ್ಷತೆಯನ್ನೂ ಹೇಳುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ, 2011ರ ಅದರ ನಿಯಮಗಳು ಬಂದ ಮೇಲೆ ಪರವಾನಗಿ ಸಂಖ್ಯೆ ಪ್ರಸ್ತಾವದ ಮೊದಲ ಪುಟಕ್ಕೆ ಏರಿತು. ಆದರೆ ಪರವಾನಗಿ ಹೇಳುವುದು ಅಡುಗೆಮನೆಯ ಬಗ್ಗೆ. ಅಪಾಯ ಹೆಚ್ಚುವುದು ಒಲೆಯಿಂದ ಇಳಿದ ಅನ್ನ ತಾಟಿಗೆ ಬರುವವರೆಗಿನ ಅವಧಿಯಲ್ಲಿ. ಬೇಯಿಸಿದರೂ ಸಾಯದೆ ಉಳಿಯುವ ಬ್ಯಾಸಿಲಸ್ ಸೀರಿಯಸ್‌ನ ಬೀಜಕಗಳು ಅನ್ನ ಉಗುರುಬೆಚ್ಚಗಾದಾಗ ಮೊಳೆತು ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ಅದಕ್ಕೇ ಬಿಸಿ ಊಟ 60 ಡಿಗ್ರಿಗಿಂತ ಇಳಿಯಬಾರದೆಂಬ ನಿಯಮ. ಮೊದಲ ತಾಟಿನದಲ್ಲ, ಎರಡನೇ ಪಾಳಿಯವರು ಉಣ್ಣುವ ಕೊನೆಯ ತಾಟಿನ ಉಷ್ಣತೆಯನ್ನು ಬರೆದಿಡುವ ಷರತ್ತು ಇದ್ದರೆ ಆ ಪ್ರಸ್ತಾವ ಬರೆದವರಿಗೆ ಕೆಲಸ ಗೊತ್ತಿದೆ ಎಂದು ಹೇಳಬಹುದು.

ಇತ್ತೀಚಿನ ತಿರುವು 2025ರ ನವೆಂಬರ್ 21. ಅಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ (2020) ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂತು. ಅದರ 24ನೇ ಕಲಮಿನಲ್ಲಿ ಕ್ಯಾಂಟೀನಿನ ಗೆರೆ 250ರಿಂದ 100 ಕಾರ್ಮಿಕರಿಗೆ ಇಳಿದಿದೆ, ಗುತ್ತಿಗೆ ಕಾರ್ಮಿಕರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಅದೇ ಸಂಹಿತೆ ಕ್ಯಾಂಟೀನ್ ಮತ್ತು ಕ್ಯಾಟರಿಂಗ್ ಕೆಲಸವನ್ನು ಕಾರ್ಖಾನೆಯ ಮೂಲ ಚಟುವಟಿಕೆಯಲ್ಲವೆಂದು ಹೆಸರಿಸಿ, ಗುತ್ತಿಗೆಗೆ ಕೊಡಲು ದಾರಿ ಬಿಟ್ಟಿದೆ. ಬೇಲೂರಿನಲ್ಲಿ ಇದರಿಂದ ಹೆಚ್ಚು ಬದಲಾಗುವುದು ದೊಡ್ಡ ಕಾರ್ಖಾನೆಗಳ ಸ್ಥಿತಿಯಲ್ಲ, ಮೇಲೆ ಲೆಕ್ಕ ಹಾಕಿದಂಥ 180 ಜನರ ಘಟಕದ ಸ್ಥಿತಿ. ಅವರಲ್ಲಿ ನೂರು ಮಂದಿ ಸಂಹಿತೆಯ ಅರ್ಥದಲ್ಲಿ ಕಾರ್ಮಿಕರಾಗಿದ್ದರೆ, ರಾಜ್ಯದ ನಿಯಮಗಳು ವಿಧಿಸಿದಾಗ ಅಲ್ಲಿನ ದಿನದ ಊಟ ಮಾಲೀಕನ ಔದಾರ್ಯವಾಗಿ ಉಳಿಯದೆ ಹೊಣೆಯಾಗುತ್ತದೆ, ಅದಕ್ಕೆ ತೆತ್ತ ತೆರಿಗೆಯ ವಜಾ ಕೇಳುವ ಹಕ್ಕೂ ಜೊತೆಗೆ ಬರುತ್ತದೆ. ಆಯುಧಪೂಜೆಯ ಹೋಳಿಗೆ ಆ ಹೊಣೆಯ ಹೊರಗೇ ಇರುತ್ತದೆ, ಅದಕ್ಕೆ ಬೇರೆಯೇ ದರಪತ್ರ ಬೇಕು.