ಆಹಾರ ಕಾರ್ಮಿಕರ ನೈರ್ಮಲ್ಯ ನಿಯಮಗಳು

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಹೋಟೆಲುಗಳ ಅಡುಗೆಯವರಿಗೂ ಸಪ್ಲಾಯರ್‌ಗಳಿಗೂ ಅನ್ವಯಿಸುವ ಶುಚಿತ್ವದ ಕಟ್ಟುಪಾಡು. ಇದರ ಆಧಾರ ಆಹಾರ ಸುರಕ್ಷತಾ ಪರವಾನಗಿ ಮತ್ತು ನೋಂದಣಿ ನಿಯಮಾವಳಿ, 2011ರ ನಾಲ್ಕನೇ ಅನುಸೂಚಿ.

ಶೌಚಾಲಯಕ್ಕೆ ಹೋಗಿಬಂದಾಗ, ಸೀನಿದಾಗ, ಹಸಿ ಪದಾರ್ಥ ಅಥವಾ ಕಸ ಮುಟ್ಟಿದಾಗ ಸೋಪು ಹಾಕಿ ಕೈ ತೊಳೆಯಬೇಕು. ಬೆರಳಸಂದು, ಉಗುರಡಿ, ಹೆಬ್ಬೆರಳು ಬಿಟ್ಟುಹೋಗುವುದೇ ಹೆಚ್ಚು. ಕೈಗವಸು ಕೈ ತೊಳೆಯುವುದಕ್ಕೆ ಬದಲಿಯಲ್ಲ. ಅದೇ ಗವಸಿನಲ್ಲಿ ಹಣ ಮುಟ್ಟಿ ದೋಸೆ ಬಡಿಸಿದರೆ ಬರಿಗೈಯಷ್ಟೇ ಅಪಾಯ. ಉಗುರು ಕತ್ತರಿಸಿರಬೇಕು, ಕೂದಲಿಗೆ ಟೋಪಿ ಬೇಕು, ಉಂಗುರ, ಬಳೆ, ವಾಚು ಕಳಚಿಡಬೇಕು.

ಕೈಯಿಂದ ಆಹಾರಕ್ಕೆ ಸೋಂಕು ಹೇಗೆ ತಗಲುತ್ತದೆ ಎಂಬುದಕ್ಕೆ ತೆಂಗಿನಕಾಯಿ ಚಟ್ನಿಯ ಉದಾಹರಣೆ ನೋಡಬಹುದು. ಇಡ್ಲಿ ಹಬೆಯಲ್ಲಿ ಬೇಯುತ್ತದೆ. ಚಟ್ನಿ ರುಬ್ಬಿದ ಮೇಲೆ ಬೇಯುವುದಿಲ್ಲ. ಬೆರಳಿನ ಕೀವುಗಾಯದಿಂದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಅದಕ್ಕೆ ಸೇರಿದರೆ, ಕರಾವಳಿಯ ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಬೆಳೆದು ವಿಷ ಸ್ರವಿಸುತ್ತದೆ. ಮತ್ತೆ ಕುದಿಸಿದರೂ ಆ ವಿಷ ಅಳಿಯದು. ರುಚಿ, ವಾಸನೆಯಿಂದ ತಿಳಿಯದು. ತಿಂದವರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

ಆದ್ದರಿಂದ ಕೀವುಗಾಯ, ವಾಂತಿ, ಭೇದಿ, ಕಾಮಾಲೆ, ಜ್ವರವಿದ್ದರೆ ಕೂಡಲೇ ಮಾಲೀಕರಿಗೆ ತಿಳಿಸಬೇಕು. ಅಂಥವರನ್ನು ಆಹಾರ ಮುಟ್ಟುವ ಕೆಲಸಕ್ಕೆ ಬಿಡುವಂತಿಲ್ಲ. ಸೋಂಕಿಲ್ಲದ ಸಣ್ಣ ಗಾಯಕ್ಕೆ ನೀರು ಇಳಿಯದ ಪಟ್ಟಿ ಸಾಕು. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ. ಆದರೆ ಆ ಪ್ರಮಾಣಪತ್ರ ತಪಾಸಣೆಯ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಮರುದಿನದ ಭೇದಿಯನ್ನು ಕಾರ್ಮಿಕರೇ ಹೇಳಬೇಕು. ರಜೆಗೆ ಕೂಲಿ ಕಡಿತವಾಗುವಲ್ಲಿ ಅದನ್ನು ಮುಚ್ಚಿಡುವ ಸಂಭವ ಹೆಚ್ಚು.